‘ಒಪ್ಪುತ್ತೇನೆ’ ಒತ್ತುವ ಮೊದಲು: ಸಾಲದ ಆಪ್‌ನ ಹದಿನಾಲ್ಕು ಪುಟವನ್ನು ಒಂದು ಪುಟ ಮಾಡುವುದು ಹೇಗೆ?



ಸಂಘದಿಂದ ಸಾಲ ತೆಗೆದುಕೊಳ್ಳುವಾಗ ನಾವು ಏನೇನು ಮಾಡುತ್ತೇವೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ವಾರದ ಸಭೆಯಲ್ಲಿ ಕೇಳುತ್ತೇವೆ. ಯಾತಕ್ಕೆ ಸಾಲ ಅಂತ ಎಲ್ಲರ ಎದುರು ಹೇಳುತ್ತೇವೆ. ಎಷ್ಟು ಕಂತು, ಎಷ್ಟು ಬಡ್ಡಿ ಎಂದು ನಿರ್ಣಯ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ ಹಾಕುತ್ತೇವೆ. ಓದು ಬಾರದ ಸದಸ್ಯೆಯೂ ಕೇಳಿಸಿಕೊಂಡೇ ಹೆಬ್ಬೆಟ್ಟು ಒತ್ತುತ್ತಾಳೆ.

ಮೊಬೈಲಿನಲ್ಲಿ ಸಾಲ ಕೊಡುವ ಆಪ್‌ಗಳಲ್ಲಿ ಹಾಗಿಲ್ಲ. ಅಲ್ಲಿ ಒಂದು ಸಣ್ಣ ಚೌಕ, ಅದರ ಪಕ್ಕದಲ್ಲಿ I Agree ಎಂಬ ಎರಡು ಪದ. ಒತ್ತಿದರೆ ಮುಗಿಯಿತು, ಸಹಿ ಹಾಕಿದ ಹಾಗೆಯೇ ಲೆಕ್ಕ. ಆ ಎರಡು ಪದದ ಹಿಂದೆ ಹತ್ತು ಹದಿನೈದು ಪುಟದ ಇಂಗ್ಲಿಷ್ ಕಾಗದ ಇರುತ್ತದೆ. “ಅಷ್ಟೆಲ್ಲ ಓದೋಕೆ ಯಾರಿಗೆ ಪುರುಸೊತ್ತು ಸಿಸ್ಟರ್? ಓದಿದ್ರೂ ಅರ್ಥ ಆಗಲ್ಲ” ಎಂದು ಸಭೆಗಳಲ್ಲಿ ನೀವು ಹೇಳುವುದು ನಿಜ. ಆದರೆ ಅದನ್ನೆಲ್ಲ ಸಾಲು ಬಿಡದೆ ಓದಬೇಕಾಗಿಲ್ಲ. ನಮ್ಮಿಂದ ಏನು ತೆಗೆದುಕೊಳ್ಳುತ್ತಾರೆ, ನಾವು ಯಾವುದಕ್ಕೆ ಮಾತು ಕೊಡುತ್ತಿದ್ದೇವೆ ಎಂಬ ಎರಡು ವಿಷಯಗಳನ್ನು ಆರಿಸಿ ತೆಗೆದರೆ ಒಂದು ನೋಟ್‌ಬುಕ್ ಪುಟದಲ್ಲಿ ಬರೆಯುವಷ್ಟು ಉಳಿಯುತ್ತದೆ. ಸಂಘದಲ್ಲಿ ಇಂಗ್ಲಿಷ್ ಓದಬಲ್ಲ ಒಬ್ಬ ಸದಸ್ಯೆ ಇದ್ದರೆ, ಅಥವಾ ಯಾರದಾದರೂ ಮಗಳು ಪಿಯುಸಿ ಓದುತ್ತಿದ್ದರೆ, ಒಂದು ಗಂಟೆಯಲ್ಲಿ ಈ ಕೆಲಸ ಆಗುತ್ತದೆ.

ಇದು ಒಬ್ಬರ ವಿಷಯ ಮಾತ್ರ ಅಲ್ಲ. ಸಂಘದ ಪ್ರತಿನಿಧಿಯ ಮೊಬೈಲಿನಲ್ಲಿ ಉಳಿದ ಎಲ್ಲಾ ಸದಸ್ಯೆಯರ ನಂಬರ್ ಇರುತ್ತದೆ, ಬ್ಯಾಂಕಿನವರದ್ದು, ಅಂಗನವಾಡಿ ಟೀಚರದ್ದು, ತವರಿನವರದ್ದು ಕೂಡ ಇರುತ್ತದೆ. ಅವಳೊಬ್ಬಳು ಒತ್ತಿದ ‘ಒಪ್ಪುತ್ತೇನೆ’ ಅಷ್ಟೂ ಜನರ ಹೆಸರು ನಂಬರುಗಳನ್ನು ಕೊಟ್ಟುಬಿಡಬಹುದು. ಕಂತು ತಪ್ಪಿದಾಗ ಸಾಲ ಮಾಡದವರಿಗೂ ವಸೂಲಿ ಫೋನ್ ಬರುವುದು ಹೀಗೆಯೇ.

ಎರಡು ಕಾಗದ, ಒಂದು ಬೀಗದ ಕೈ

ಮೊದಲು ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಲು ಕಲಿಯೋಣ. ಇವು ಒಂದರೊಳಗೊಂದು ಬೆರೆತು ಹೋಗುವುದರಿಂದಲೇ ಗೊಂದಲ ಆಗುವುದು.

ಒಂದನೆಯದು ಗೌಪ್ಯತಾ ನೀತಿ. ಪರದೆಯ ಮೇಲೆ Privacy Policy ಎಂದು ಇರುತ್ತದೆ. ನಮ್ಮ ಯಾವ ಮಾಹಿತಿಯನ್ನು ತೆಗೆದುಕೊಳ್ಳುತ್ತಾರೆ, ಅದನ್ನು ಏನು ಮಾಡುತ್ತಾರೆ ಎಂಬುದು ಇದರಲ್ಲಿ ಇರುತ್ತದೆ.

ಎರಡನೆಯದು ನಿಯಮ ಮತ್ತು ಷರತ್ತುಗಳು. ಪರದೆಯಲ್ಲಿ Terms and Conditions ಅಥವಾ Terms of Use ಎಂದಿರುತ್ತದೆ. ನಾವು ಯಾವುದಕ್ಕೆಲ್ಲ ಮಾತು ಕೊಡುತ್ತಿದ್ದೇವೆ ಎಂಬುದು ಇದರಲ್ಲಿ. ಶುಲ್ಕ, ಖಾತೆಯಿಂದ ತಾನಾಗಿ ಹಣ ಕಡಿತ, ಜಗಳವಾದರೆ ಎಲ್ಲಿ ತೀರ್ಮಾನ, ಎಲ್ಲವೂ ಇಲ್ಲಿಯೇ.

ಮೂರನೆಯದು ಕಾಗದವಲ್ಲ. ಆಪ್ ತೆರೆದಾಗ ಮೊಬೈಲೇ ಕೇಳುತ್ತದಲ್ಲ, “ಈ ಆಪ್‌ಗೆ ನಿಮ್ಮ ಕಾಂಟ್ಯಾಕ್ಟ್ ನೋಡಲು ಬಿಡಲೇ?” ಅಂತ, ಅದು ಅನುಮತಿ. ಕಾಗದ ಬರೀ ಮಾತು, ಅನುಮತಿ ಬೀಗದ ಕೈ. ಕಾಗದದಲ್ಲಿ ಏನೇ ಬರೆದಿರಲಿ, ಕೀಲಿ ಕೊಟ್ಟರೆ ಮಾತ್ರ ಕಪಾಟು ತೆರೆಯುತ್ತದೆ. ಹಾಗೆಯೇ, ಕೀಲಿ ವಾಪಸು ತೆಗೆದುಕೊಂಡರೂ ಆಗಲೇ ಕಪಾಟಿನಿಂದ ಹೊರಗೆ ಹೋದ ವಸ್ತು ತಾನಾಗಿ ವಾಪಸು ಬರುವುದಿಲ್ಲ. ಆಪ್ ಅಳಿಸಿಬಿಟ್ಟರೆ ಎಲ್ಲಾ ಮುಗಿಯಿತು ಎಂದು ತಿಳಿಯುವುದು ಇದೇ ಕಾರಣಕ್ಕೆ ತಪ್ಪು. ನಮ್ಮ ಮೊಬೈಲಿನಿಂದ ಆಪ್ ಹೋಗುತ್ತದೆ, ಕಂಪನಿಯ ಕಂಪ್ಯೂಟರಿಗೆ ಹೋದ ಮಾಹಿತಿ ಅಲ್ಲಿಯೇ ಇರುತ್ತದೆ.

ನೋಟ್‌ಬುಕ್ಕಿನ ಐದು ಪ್ರಶ್ನೆ

ಒಂದು ಪುಟ ತೆಗೆದುಕೊಂಡು ಈ ಐದು ಪ್ರಶ್ನೆಗಳನ್ನು ಬರೆಯಿರಿ. ಪ್ರತಿಯೊಂದರ ಕೆಳಗೂ ಐದಾರು ಗೆರೆ ಜಾಗ ಬಿಡಿ.

1. ಏನು ತೆಗೆದುಕೊಳ್ಳುತ್ತಾರೆ? ಯಾತಕ್ಕೆ?
2. ಯಾರ ಯಾರಿಗೆ ಕೊಡುತ್ತಾರೆ?
3. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?
4. ನಾವು ಯಾವುದಕ್ಕೆ ಮಾತು ಕೊಡುತ್ತೇವೆ?
5. ಮಾತು ಹಿಂದೆ ತೆಗೆದುಕೊಳ್ಳಬೇಕಾದರೆ ಏನು ಮಾಡಬೇಕು?

ಈಗ ಕಾಗದದಲ್ಲಿ ಉತ್ತರ ಹುಡುಕಬೇಕು. ಪ್ಲೇ ಸ್ಟೋರಿನಲ್ಲಿ ಆ ಆಪ್‌ನ ಪುಟದ ಕೆಳಗೆ App support ಎಂಬಲ್ಲಿ ಒತ್ತಿದರೆ ಗೌಪ್ಯತಾ ನೀತಿಯ ಕೊಂಡಿ ಸಿಗುತ್ತದೆ. ಆಪ್ ಹಾಕಿಕೊಳ್ಳದೆಯೇ ಇದನ್ನು ಓದಬಹುದು, ಹಾಗೆ ಮಾಡುವುದೇ ಒಳ್ಳೆಯದು. ಕ್ರೋಮ್‌ನಲ್ಲಿ ತೆರೆದ ಮೇಲೆ ಮೇಲಿನ ಮೂರು ಚುಕ್ಕೆ ಒತ್ತಿ Find in page ಎಂಬುದನ್ನು ಆರಿಸಿ. ಅಲ್ಲಿ ಒಂದು ಪದ ಬರೆದರೆ ಹದಿನಾಲ್ಕು ಪುಟದಲ್ಲಿ ಆ ಪದ ಎಲ್ಲೆಲ್ಲಿದೆಯೋ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಈ ಏಳು ಪದಗಳನ್ನು ಒಂದೊಂದಾಗಿ ಹಾಕಿ ನೋಡಿ:

```
collect
contact
SMS
share
retain
withdraw
arbitration
```

ಮೊದಲ ಮೂರು ಪದ ‘ಏನು ತೆಗೆದುಕೊಳ್ಳುತ್ತಾರೆ’ ಎಂಬ ಜಾಗಕ್ಕೆ ಒಯ್ಯುತ್ತವೆ. ನಾಲ್ಕನೆಯದು ಯಾರಿಗೆ ಹಂಚುತ್ತಾರೆ ಎಂಬಲ್ಲಿಗೆ, ಐದನೆಯದು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬಲ್ಲಿಗೆ, ಆರನೆಯದು ಒಪ್ಪಿಗೆ ಹಿಂಪಡೆಯುವ ಜಾಗಕ್ಕೆ. ಕೊನೆಯದು ಪಂಚಾಯಿತಿಕೆಯ ಷರತ್ತು. ಇದನ್ನು ನಿಯಮ ಮತ್ತು ಷರತ್ತುಗಳ ಕಾಗದದಲ್ಲಿ ಹುಡುಕಬೇಕು. ಪದ ಸಿಕ್ಕ ಕಡೆ ಆ ಒಂದು ವಾಕ್ಯವನ್ನಲ್ಲ, ಆ ಪ್ಯಾರಾವನ್ನು ಪೂರ್ತಿ ಓದಿ. ಪ್ಯಾರಾದ ನಂಬರನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಳ್ಳಿ. ಆಮೇಲೆ ಯಾರಾದರೂ “ಇದು ಎಲ್ಲಿದೆ ತೋರಿಸಿ” ಎಂದರೆ ತೋರಿಸಲು ಬರಬೇಕು.

ಒಂದು ಮಾದರಿ ಮಾಡಿ ನೋಡೋಣ

ಇಂತಹ ಆಪ್‌ಗಳ ಕಾಗದದಲ್ಲಿ ಸಾಮಾನ್ಯವಾಗಿ ಬರುವ ಮಾತುಗಳನ್ನು ಸೇರಿಸಿ ನಾವು ಒಂದು ಮಾದರಿ ಮಾಡಿಕೊಂಡಿದ್ದೇವೆ. ಇದು ಯಾವ ಒಂದು ಕಂಪನಿಯದೂ ಅಲ್ಲ. ಸಂಘದ ಸದಸ್ಯೆ ಲಲಿತಾ ಮಗಳ ಕಾಲೇಜು ಫೀಸಿಗೆ 10,000 ರೂಪಾಯಿ ಸಾಲ ಕೇಳುತ್ತಿದ್ದಾಳೆ ಎಂದಿಟ್ಟುಕೊಳ್ಳಿ.

ಗೌಪ್ಯತಾ ನೀತಿಯ ಪ್ಯಾರಾ 2 ಹೀಗಿದೆ: “ನೀವು ನಮಗೆ ಕೊಡುವ ಹೆಸರು, ಜನ್ಮ ದಿನಾಂಕ, ವಿಳಾಸ, ಪ್ಯಾನ್, ಆಧಾರ್ ವಿವರ, ಬ್ಯಾಂಕ್ ಖಾತೆ ಮತ್ತು ಭಾವಚಿತ್ರವನ್ನು ನಿಮ್ಮ ಗುರುತನ್ನು ದೃಢಪಡಿಸಲು ಸಂಗ್ರಹಿಸುತ್ತೇವೆ.” ಇದು ಬ್ಯಾಂಕಿನಲ್ಲೂ ಕೇಳುವಂಥದ್ದೇ. ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗೋಣ.

ಪ್ಯಾರಾ 3: “ನಿಮ್ಮ ಸಾಲ ತೀರಿಸುವ ಸಾಮರ್ಥ್ಯ ಅಳೆಯಲು ನಿಮ್ಮ ಸಾಧನದಿಂದ ಹಣಕಾಸಿನ ಎಸ್‌ಎಂಎಸ್‌ಗಳು, ಸ್ಥಳ, ಸಾಧನದಲ್ಲಿರುವ ಆಪ್‌ಗಳ ಪಟ್ಟಿ, ಇವುಗಳೂ ಸೇರಿದಂತೆ ಆದರೆ ಇವಿಷ್ಟಕ್ಕೇ ಸೀಮಿತವಾಗದೆ, ಮಾಹಿತಿಯನ್ನು ಸಂಗ್ರಹಿಸಬಹುದು.” ಇಲ್ಲಿ ನಿಲ್ಲಬೇಕು. ಹಣಕಾಸಿನ ಎಸ್‌ಎಂಎಸ್ ಎಂದರೆ ಬ್ಯಾಂಕಿನಿಂದ ಬರುವ ಜಮಾ, ಖರ್ಚಿನ ಸಂದೇಶಗಳು. ಆದರೆ ಮೊಬೈಲ್ ಕೇಳುವ ಅನುಮತಿಯಲ್ಲಿ ‘ಹಣಕಾಸಿನದು ಮಾತ್ರ’ ಎಂದು ಬೇರೆ ಮಾಡಲು ಬರುವುದಿಲ್ಲ. ಎಸ್‌ಎಂಎಸ್ ಕೀಲಿ ಕೊಟ್ಟರೆ ಎಲ್ಲಾ ಎಸ್‌ಎಂಎಸ್‌ಗೂ ಕೊಟ್ಟ ಹಾಗೆ. ಬ್ಯಾಂಕಿನ ಸಂದೇಶವನ್ನು ಮಾತ್ರ ಓದುತ್ತೇವೆ ಎಂಬುದು ಅವರ ಮಾತು ಅಷ್ಟೆ. ಇನ್ನು ‘ಇವಿಷ್ಟಕ್ಕೇ ಸೀಮಿತವಾಗದೆ’ ಎಂಬ ಮಾತು ಚೀಲದ ಬಾಯನ್ನು ಕಟ್ಟದೆ ಬಿಟ್ಟ ಹಾಗೆ. ಇಂಗ್ಲಿಷಿನಲ್ಲಿ ಅದು `including but not limited to` ಎಂದು ಇರುತ್ತದೆ. ಆ ಮಾತು ಕಂಡಲ್ಲಿ ನೋಟ್‌ಬುಕ್ಕಿನಲ್ಲಿ “ಪಟ್ಟಿ ಮುಗಿದಿಲ್ಲ, ಇನ್ನೂ ಇರಬಹುದು” ಎಂದು ಬರೆಯಿರಿ.

ಪ್ಯಾರಾ 4: “ನಿಮ್ಮನ್ನು ಸಂಪರ್ಕಿಸಲು ಆಗದಿದ್ದಲ್ಲಿ ಬಳಸಲು ನಿಮ್ಮ ಸಂಪರ್ಕ ಪಟ್ಟಿಯನ್ನು ಪಡೆಯುತ್ತೇವೆ.” ಇದು ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲಕ್ಕೆ ನಿಯಮ ಮಾಡಿತು, 2025ರ ಮೇ ತಿಂಗಳಲ್ಲಿ ಅವನ್ನು ಒಟ್ಟುಗೂಡಿಸಿ ಮತ್ತೆ ಹೊರಡಿಸಿತು. ಆ ನಿಯಮದ ಪ್ರಕಾರ ಸಾಲದ ಆಪ್ ನಮ್ಮ ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ದಾಖಲೆ, ಫೋಟೋ ಮತ್ತು ಫೈಲುಗಳನ್ನು ಮುಟ್ಟಬಾರದು. ಕ್ಯಾಮೆರಾ, ಮೈಕ್, ಸ್ಥಳ ಇವುಗಳನ್ನು ಗುರುತು ಪರಿಶೀಲನೆಗೆ ಒಂದು ಬಾರಿ ಮಾತ್ರ, ನಮ್ಮ ಸ್ಪಷ್ಟ ಒಪ್ಪಿಗೆ ಪಡೆದು ಬಳಸಬಹುದು. ಗೂಗಲ್ ಕೂಡ ಸಾಲದ ಆಪ್‌ಗಳು ಕಾಂಟ್ಯಾಕ್ಟ್ ಮತ್ತು ಫೋಟೋ ನೋಡುವುದನ್ನು 2023ರ ಮೇ 31ರಿಂದ ತನ್ನ ಪ್ಲೇ ಸ್ಟೋರಿನಲ್ಲಿ ನಿಷೇಧಿಸಿದೆ. ಹಾಗಾಗಿ ಕಾಂಟ್ಯಾಕ್ಟ್ ಕೇಳುವ ಸಾಲದ ಆಪ್ ನಿಯಮ ಮುರಿಯುತ್ತಿದೆ ಎಂದೇ ತಿಳಿಯಿರಿ. ನಾವೇ ಒಬ್ಬಿಬ್ಬರ ನಂಬರನ್ನು ‘ರೆಫರೆನ್ಸ್’ ಎಂದು ಬರೆದುಕೊಡುವುದು ಬೇರೆ ಮಾತು, ಆದರೆ ಆಗಲೂ ಅವರನ್ನು ಕೇಳಿಯೇ ಕೊಡಬೇಕು.

ನಮ್ಮ ಮಾದರಿಯಲ್ಲಿ ಈ ಪ್ಯಾರಾ 4 ಇಲ್ಲ ಎಂದು ಭಾವಿಸಿ ಮುಂದೆ ಹೋಗೋಣ.

ಪ್ಯಾರಾ 6: “ನಿಮ್ಮ ಮಾಹಿತಿಯನ್ನು ನಾವು ಮಾರುವುದಿಲ್ಲ. ಸಾಲ ಕೊಡುವ ಸಂಸ್ಥೆ, ಕ್ರೆಡಿಟ್ ಮಾಹಿತಿ ಕಂಪನಿಗಳು, ವಸೂಲಿ ಏಜೆನ್ಸಿಗಳು, ನಮ್ಮ ಸಹಸಂಸ್ಥೆಗಳು ಮತ್ತು ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು.” ‘ಮಾರುವುದಿಲ್ಲ’ ಎಂಬ ಮೊದಲ ವಾಕ್ಯ ಕಣ್ಣಿಗೆ ಬೀಳುತ್ತದೆ, ನೆಮ್ಮದಿಯೂ ಆಗುತ್ತದೆ. ಆದರೆ ಮಾರದೇ ಹಂಚುವುದಕ್ಕೆ ಎರಡನೆಯ ವಾಕ್ಯದಲ್ಲಿ ಬಾಗಿಲು ತೆರೆದೇ ಇದೆ. ಇಲ್ಲಿ ಎರಡು ಬಗೆ ಇದೆ, ಬೇರೆ ಮಾಡಿ ಬರೆಯಬೇಕು. ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ, ಅಂದರೆ ಸಿಬಿಲ್‌ನಂಥವುಗಳಿಗೆ, ಸಾಲದ ವಿವರ ಕೊಡುವುದು ಬ್ಯಾಂಕುಗಳಿಗೂ ಹಣಕಾಸು ಕಂಪನಿಗಳಿಗೂ ಕಾನೂನಿನ ಕರ್ತವ್ಯ, ಅದನ್ನು ಬೇಡ ಎನ್ನಲಾಗದು. ಆದರೆ ‘ಪಾಲುದಾರರು’ ಎಂದರೆ ಯಾರು? ಹೆಸರುಗಳ ಪಟ್ಟಿ ಇದೆಯೇ? ಜಾಹೀರಾತಿಗಾಗಿ ಕೊಡುತ್ತಾರೆಯೇ? ಇದನ್ನು ಬೇಡ ಎನ್ನುವ ಹಕ್ಕು ನಮಗಿದೆ. ಮೂರನೆಯವರಿಗೆ ಮಾಹಿತಿ ಹೋಗುವುದನ್ನು ತಡೆಯುವ ಅವಕಾಶವನ್ನು ಸಾಲ ಪಡೆಯುವವರಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ.

ಪ್ಯಾರಾ 8: “ಅಗತ್ಯವಿರುವಷ್ಟು ಕಾಲ ಅಥವಾ ಕಾನೂನು ಬಯಸುವಷ್ಟು ಕಾಲ ಮಾಹಿತಿಯನ್ನು ಇಟ್ಟುಕೊಳ್ಳುತ್ತೇವೆ.” ಇದರಲ್ಲಿ ದಿನದ ಲೆಕ್ಕ ಇಲ್ಲ. ನೋಟ್‌ಬುಕ್ಕಿನಲ್ಲಿ “ಎಷ್ಟು ದಿನ ಎಂದು ಹೇಳಿಲ್ಲ” ಎಂದೇ ಬರೆಯಿರಿ. ಒಂದು ವಿಷಯ ತಿಳಿದಿರಲಿ: ಗುರುತಿನ ದಾಖಲೆಗಳನ್ನು ಸಾಲದ ವ್ಯವಹಾರ ಮುಗಿದ ಮೇಲೂ 5 ವರ್ಷ ಇಟ್ಟುಕೊಳ್ಳಬೇಕೆಂದು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಹೇಳುತ್ತದೆ. ಆದ್ದರಿಂದ ಪ್ಯಾನ್, ವಿಳಾಸದ ದಾಖಲೆಗಳನ್ನು ತಕ್ಷಣ ಅಳಿಸಿ ಎಂದು ಕೇಳಿದರೆ ಆಗದು. ಎಸ್‌ಎಂಎಸ್, ಸ್ಥಳದ ಮಾಹಿತಿಗೆ ಈ ಕಾರಣವನ್ನು ಹೇಳಲು ಬರುವುದಿಲ್ಲ.

ಈಗ ನಿಯಮ ಮತ್ತು ಷರತ್ತುಗಳ ಕಾಗದ. ಇದರಲ್ಲಿ ನಾಲ್ಕು ಕಡೆ ಮಾತ್ರ ನಿಲ್ಲೋಣ.

ಪ್ಯಾರಾ 5, ಪ್ರೊಸೆಸಿಂಗ್ ಶುಲ್ಕ 400 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ, ಸಾಲ ಕೊಡುವಾಗಲೇ ಕಡಿತ. ಜಿಎಸ್‌ಟಿ ಶೇಕಡಾ 18ರಂತೆ 72 ರೂಪಾಯಿ. ಲಲಿತಾಳ ಖಾತೆಗೆ ಬರುವುದು 9,528 ರೂಪಾಯಿ, ಆದರೆ ಬಡ್ಡಿ ಲೆಕ್ಕ 10,000ದ ಮೇಲೆ. ಪ್ಯಾರಾ 7, ಕಂತಿನ ದಿನ ಖಾತೆಯಿಂದ ತಾನಾಗಿ ಹಣ ಕಡಿತಕ್ಕೆ ಒಪ್ಪಿಗೆ. ಖಾತೆಯಲ್ಲಿ ಹಣ ಇಲ್ಲದಿದ್ದರೆ ಕಡಿತ ವಾಪಸಾಗುತ್ತದೆ, ಆಗ ಬ್ಯಾಂಕೂ ದಂಡ ಹಾಕಬಹುದು, ಸಾಲ ಕೊಟ್ಟವರೂ ಹಾಕಬಹುದು. ಕೂಲಿ ಹಣ ಶನಿವಾರ ಜಮಾ ಆಗುವವರಿಗೆ ಕಂತಿನ ತಾರೀಕು ಯಾವುದು ಎಂಬುದು ಬಡ್ಡಿಯಷ್ಟೇ ಮುಖ್ಯ. ಪ್ಯಾರಾ 11, “ನಿಮ್ಮ ನಂಬರ್ ಡಿಎನ್‌ಡಿಯಲ್ಲಿ ನೋಂದಾಯಿತವಾಗಿದ್ದರೂ ಕರೆ ಮತ್ತು ಸಂದೇಶ ಕಳುಹಿಸಲು ಒಪ್ಪುತ್ತೀರಿ.” ಅಂದರೆ ಜಾಹೀರಾತಿನ ಕರೆ ಬೇಡ ಎಂದು ನಾವು ಮೊದಲೇ ಬರೆಸಿದ್ದನ್ನು ಇಲ್ಲಿ ನಾವೇ ಬಿಟ್ಟುಕೊಟ್ಟ ಹಾಗೆ. ಪ್ಯಾರಾ 15, ಜಗಳವಾದರೆ ಬೇರೆ ರಾಜ್ಯದ ಒಂದು ನಗರದಲ್ಲಿ ಮಧ್ಯಸ್ಥಗಾರರ ಮುಂದೆ ತೀರ್ಮಾನ. ಅಷ್ಟು ದೂರ ಹೋಗಿಬರುವ ಖರ್ಚು ಲಲಿತಾಳ ಸಾಲಕ್ಕಿಂತಲೂ ಹೆಚ್ಚಾಗಬಹುದು.

ಲಲಿತಾಳ ಒಂದು ಪುಟ

ಎಲ್ಲಾ ಮುಗಿದ ಮೇಲೆ ಅವಳ ನೋಟ್‌ಬುಕ್ಕಿನಲ್ಲಿ ಇಷ್ಟು ಬರೆದಿರುತ್ತದೆ:

ಏನು, ಯಾತಕ್ಕೆ: ಹೆಸರು, ವಿಳಾಸ, ಪ್ಯಾನ್, ಆಧಾರ್, ಖಾತೆ, ಫೋಟೋ – ಗುರುತಿಗೆ (ನೀತಿ 2). ಎಸ್‌ಎಂಎಸ್, ಸ್ಥಳ, ಆಪ್‌ಗಳ ಪಟ್ಟಿ – ಸಾಲ ತೀರಿಸುವ ಶಕ್ತಿ ಅಳೆಯಲು. ಪಟ್ಟಿ ಮುಗಿದಿಲ್ಲ, ಇನ್ನೂ ಇರಬಹುದು (ನೀತಿ 3).

ಯಾರಿಗೆ: ಸಾಲ ಕೊಡುವ ಸಂಸ್ಥೆ, ಸಿಬಿಲ್‌ನಂಥವು – ಬೇಡ ಎನ್ನಲಾಗದು. ವಸೂಲಿ ಏಜೆನ್ಸಿ. ಸಹಸಂಸ್ಥೆ ಮತ್ತು ಪಾಲುದಾರರು – ಯಾರೆಂದು ಹೇಳಿಲ್ಲ, ಕೇಳಬೇಕು (ನೀತಿ 6).

ಎಷ್ಟು ದಿನ: ಹೇಳಿಲ್ಲ (ನೀತಿ 8).

ನಮ್ಮ ಮಾತು: 10,000 ಸಾಲ, ಕೈಗೆ 9,528 (ಷರತ್ತು 5). ಖಾತೆಯಿಂದ ತಾನಾಗಿ ಕಡಿತ (ಷರತ್ತು 7). ಡಿಎನ್‌ಡಿ ಇದ್ದರೂ ಕರೆ (ಷರತ್ತು 11). ಜಗಳವಾದರೆ ದೂರದ ಊರು (ಷರತ್ತು 15).

ಹಿಂದೆ ತೆಗೆದುಕೊಳ್ಳಲು: ದೂರು ಅಧಿಕಾರಿಗೆ ಇ–ಮೇಲ್ (ನೀತಿ 10).

ಇಷ್ಟನ್ನು ಸಭೆಯಲ್ಲಿ ಓದಲು ಎರಡು ನಿಮಿಷ ಸಾಕು. ಈ ಪುಟ ಸಾಲ ತೆಗೆದುಕೊ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಲಲಿತಾ ಈಗ ಸಂಘದ ಒಳಸಾಲದ ಪಕ್ಕದಲ್ಲಿಟ್ಟು ಅದನ್ನು ತೂಗಿ ನೋಡಬಹುದು.

ಬರೆಯುವಾಗ ಎಲ್ಲಿ ತಪ್ಪುತ್ತದೆ?

ಮೊದಲನೆಯದು, ಕಾಗದದಲ್ಲಿ ಇಲ್ಲದ್ದನ್ನು ನಮ್ಮ ಊಹೆಯಿಂದ ತುಂಬುವುದು. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಹೇಳಿಲ್ಲ ಎಂದರೆ ಇಟ್ಟುಕೊಳ್ಳುವುದಿಲ್ಲ ಎಂದಲ್ಲ. ‘ಹೇಳಿಲ್ಲ’ ಎಂಬುದೇ ಒಂದು ಉತ್ತರ, ಅದನ್ನು ಹಾಗೆಯೇ ಬರೆಯಬೇಕು. ನಿಜ ಹೇಳಬೇಕೆಂದರೆ ಪುಟದಲ್ಲಿ ‘ಹೇಳಿಲ್ಲ’ ಎಂಬುದು ಹೆಚ್ಚಾದಷ್ಟೂ ನಾವು ಹೆಚ್ಚು ಜಾಗ್ರತೆಯಿಂದ ಇರಬೇಕು.

ಎರಡನೆಯದು, ಷರತ್ತನ್ನು ಕತ್ತರಿಸಿ ಬರೆಯುವುದು. “ಸ್ಥಳವನ್ನು ಗುರುತು ಪರಿಶೀಲನೆಯ ಸಮಯದಲ್ಲಿ ಒಮ್ಮೆ ಮಾತ್ರ ನೋಡುತ್ತೇವೆ” ಎಂದಿದ್ದರೆ, “ಸ್ಥಳ ನೋಡುತ್ತಾರೆ” ಎಂದಷ್ಟೇ ಬರೆದರೆ ಕಂಪನಿಗೆ ಅನ್ಯಾಯ ಮಾಡಿದ ಹಾಗೆ. “ಮಾಹಿತಿ ಮಾರುವುದಿಲ್ಲ” ಎಂದು ಬರೆದು ಹಂಚುವ ವಾಕ್ಯ ಬಿಟ್ಟರೆ ನಮಗೆ ನಾವೇ ಅನ್ಯಾಯ ಮಾಡಿಕೊಂಡ ಹಾಗೆ. ‘ಮಾತ್ರ’, ‘ಒಮ್ಮೆ’, ‘ಹೊರತುಪಡಿಸಿ’, ‘ಬಹುದು’ – ಈ ಸಣ್ಣ ಪದಗಳನ್ನು ಬಿಡಬಾರದು.

ಮೂರನೆಯದು, ಕಾಗದವನ್ನು ಓದಿ ಮೊಬೈಲನ್ನು ನೋಡದೇ ಇರುವುದು. ಆಪ್ ಹಾಕಿಕೊಂಡ ಮೇಲೆ Settings, ಅಲ್ಲಿಂದ Apps, ಆ ಆಪ್‌ನ ಹೆಸರು, ಆಮೇಲೆ Permissions ಎಂದು ಹೋಗಿ ನೋಡಿ. ಯಾವ ಯಾವ ಕೀಲಿ ಕೇಳಿದ್ದಾರೆ ಎಂಬ ಪಟ್ಟಿ ಅಲ್ಲಿ ಕಾಣುತ್ತದೆ. ಅದನ್ನು ನೋಟ್‌ಬುಕ್ಕಿನ ಮೊದಲ ಉತ್ತರದ ಜೊತೆ ಹೋಲಿಸಿ. ಕಾಗದದಲ್ಲಿ ಇಲ್ಲದ್ದು ಮೊಬೈಲಿನಲ್ಲಿ ಕೇಳಿದ್ದರೆ ಅಲ್ಲಿ ಏನೋ ಸರಿಯಿಲ್ಲ. ಪ್ಲೇ ಸ್ಟೋರಿನಲ್ಲಿ Data safety ಎಂಬ ಭಾಗ ಕೂಡ ಇದೆ. ಆದರೆ ಅದು ಆಪ್ ಮಾಡಿದವರೇ ಬರೆದುಕೊಟ್ಟ ಹೇಳಿಕೆ, ಅದನ್ನೇ ನಂಬಿ ಉಳಿದದ್ದನ್ನು ಬಿಡಬೇಡಿ.

ಬರೆದ ಪುಟ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಅದನ್ನು ಬರೆಯದ ಇನ್ನೊಬ್ಬ ಸದಸ್ಯೆ ಅಂಚಿನ ನಂಬರ್ ಹಿಡಿದು ಮೂರು ಸಾಲುಗಳನ್ನು ಮೂಲದಲ್ಲಿ ಹುಡುಕಲಿ. ಸಿಕ್ಕರೆ, ಅರ್ಥವೂ ಅದೇ ಆಗಿದ್ದರೆ, ಪುಟ ಸರಿ. ಕಾಗದದ ಮೇಲೆ ಬರೆದಿರುವ ತಾರೀಕನ್ನೂ ಗುರುತು ಹಾಕಿಕೊಳ್ಳಿ. “ಕಾಲಕಾಲಕ್ಕೆ ಬದಲಾಯಿಸಬಹುದು” ಎಂದು ಹೆಚ್ಚಿನ ಕಾಗದಗಳಲ್ಲಿ ಇರುತ್ತದೆ. ಬದಲಾದ ಮೇಲೆ ನಮ್ಮ ಪುಟ ಹಳೆಯದಾಗುತ್ತದೆ.

ಕನ್ನಡದಲ್ಲಿ ಕೇಳಬಹುದೇ?

ಒಂದು ಕಾಗದವನ್ನು ಖಂಡಿತ ಕೇಳಬಹುದು. ಸಾಲಕ್ಕೆ ಮೊದಲು ಕೊಡಲೇಬೇಕಾದ ‘ಮುಖ್ಯ ಸಂಗತಿಗಳ ಹೇಳಿಕೆ’ ಎಂದು ಒಂದಿದೆ, ಕೆಎಫ್‌ಎಸ್ ಎನ್ನುತ್ತಾರೆ. ವರ್ಷಕ್ಕೆ ಎಲ್ಲಾ ಖರ್ಚೂ ಸೇರಿ ಶೇಕಡಾ ಎಷ್ಟು ಬೀಳುತ್ತದೆ, ಯಾವ ಯಾವ ಶುಲ್ಕ, ಕಂತು ಎಷ್ಟು ಎಂಬುದು ಅದರಲ್ಲಿರುತ್ತದೆ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೇಳಿದೆ. ಅದರಲ್ಲಿ ಕಾಣಿಸದ ಶುಲ್ಕವನ್ನು ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕಬಾರದು. ಹಾಗಾಗಿ ನಾಲ್ಕನೆಯ ಪ್ರಶ್ನೆಯ ಹಣದ ಭಾಗಕ್ಕೆ ಉತ್ತರ ಈ ಹೇಳಿಕೆಯಲ್ಲೇ ಸಿಗುತ್ತದೆ.

ಮಾಹಿತಿಯ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ನಾವು ಬಯಸಿದ್ದರಲ್ಲಿ ಓದಲು ಅವಕಾಶ ಕೊಡಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಬರಬೇಕು ಎನ್ನುತ್ತದೆ ಈ ಕಾಯ್ದೆ. ಕನ್ನಡವೂ ಆ 22ರಲ್ಲಿ ಒಂದು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಒಪ್ಪಿಗೆಗೆ ಸಂಬಂಧಿಸಿದ ಈ ಭಾಗಗಳಿಗೆ ಅಲ್ಲಿಂದ 18 ತಿಂಗಳ ಗಡುವು ಇಟ್ಟಿದ್ದಾರೆ, ಅಂದರೆ 2027ರ ಮೇ. ಆ ತನಕ ರಿಸರ್ವ್ ಬ್ಯಾಂಕಿನ ನಿಯಮವನ್ನೇ ಹಿಡಿದು ಕೇಳಬೇಕು.

ಈಗಾಗಲೇ ಒಪ್ಪಿಬಿಟ್ಟಿದ್ದರೆ?

ಮೊದಲು ಮೊಬೈಲಿನ Permissions ಪುಟಕ್ಕೆ ಹೋಗಿ ಕಾಂಟ್ಯಾಕ್ಟ್, ಎಸ್‌ಎಂಎಸ್, ಫೋಟೋ, ಸ್ಥಳದ ಅನುಮತಿಗಳನ್ನು ತೆಗೆದುಹಾಕಿ. ಹೀಗೆ ಮಾಡಿದರೆ ಹೊಸದಾಗಿ ಹೋಗುವುದು ನಿಲ್ಲುತ್ತದೆ. ಆಪ್ ಅಳಿಸುವ ಮೊದಲು ಸಾಲದ ವಿವರ, ಕಟ್ಟಿದ ಕಂತುಗಳು ಕಾಣುವ ಪುಟಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಂತರ ಆಪ್‌ನಲ್ಲಿ ಕೊಟ್ಟಿರುವ ದೂರು ಅಧಿಕಾರಿಯ ವಿಳಾಸಕ್ಕೆ ಒಂದು ಇ–ಮೇಲ್ ಬರೆಯಬೇಕು. ಉದ್ದ ಬೇಡ:

“ನನ್ನ ಸಾಲದ ನಂಬರ್ ಇದು. ಸಂಪರ್ಕ ಪಟ್ಟಿ, ಎಸ್‌ಎಂಎಸ್ ಮತ್ತು ಸ್ಥಳದ ಮಾಹಿತಿಗೆ ನಾನು ಕೊಟ್ಟ ಒಪ್ಪಿಗೆಯನ್ನು ಈ ದಿನ ಹಿಂಪಡೆದಿದ್ದೇನೆ. ಈವರೆಗೆ ಸಂಗ್ರಹಿಸಿದ್ದನ್ನು ಅಳಿಸಿ, ಯಾರ ಯಾರಿಗೆ ಕೊಟ್ಟಿದ್ದೀರಿ ಎಂಬುದನ್ನು ತಿಳಿಸಿ.”

ತಾರೀಕು ಬರೆದಿಟ್ಟುಕೊಳ್ಳಿ. ಸಾಲ ಕೊಟ್ಟಿರುವುದು ರಿಸರ್ವ್ ಬ್ಯಾಂಕಿನ ಅಡಿಯ ಬ್ಯಾಂಕ್ ಅಥವಾ ಹಣಕಾಸು ಕಂಪನಿಯಾಗಿದ್ದು, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ `cms.rbi.org.in` ನಲ್ಲಿ ದೂರು ಕೊಡಬಹುದು. ಅಲ್ಲಿ ಸಂಸ್ಥೆಯ ಹೆಸರು ಕೇಳುತ್ತಾರೆ. ಆಪ್‌ನ ಹೆಸರಲ್ಲ, ಆಪ್‌ನ ಹಿಂದೆ ಸಾಲ ಕೊಟ್ಟ ಬ್ಯಾಂಕಿನ ಅಥವಾ ಕಂಪನಿಯ ಹೆಸರು. ಆ ಹೆಸರೇ ಎಲ್ಲೂ ಇಲ್ಲದಿದ್ದರೆ ಅದು ಅನುಮತಿಯಿಲ್ಲದ ಆಪ್ ಆಗಿರುವ ಸಾಧ್ಯತೆ ಹೆಚ್ಚು, ಅದರ ಬಗ್ಗೆ `sachet.rbi.org.in` ನಲ್ಲಿ ತಿಳಿಸಬೇಕು. 2025ರ ಜುಲೈಯಿಂದ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಸಾಲದ ಆಪ್‌ಗಳ ಪಟ್ಟಿಯೂ ಇದೆ. ಆದರೆ ಅದು ಬ್ಯಾಂಕು, ಕಂಪನಿಗಳು ತಾವೇ ಕೊಟ್ಟ ಪಟ್ಟಿ. ಪಟ್ಟಿಯಲ್ಲಿದೆ ಎಂದರೆ ಇಂಥ ಸಂಸ್ಥೆಗೆ ಸೇರಿದ ಆಪ್ ಎಂದು ಗೊತ್ತಾಗುತ್ತದೆ, ಒಳ್ಳೆಯ ಸಾಲ ಎಂದಲ್ಲ.

ಬೆದರಿಕೆ, ಫೋಟೋ ತಿದ್ದಿ ಹಂಚುವುದು, ಸಂಬಂಧಿಕರಿಗೆ ಅವಮಾನದ ಸಂದೇಶ ಕಳಿಸುವುದು ನಡೆದರೆ ಅದು ಅಪರಾಧ. 1930ಕ್ಕೆ ಕರೆ ಮಾಡಿ ಅಥವಾ `cybercrime.gov.in` ನಲ್ಲಿ ದಾಖಲಿಸಿ, ಜೊತೆಗೆ ಹತ್ತಿರದ ಪೊಲೀಸ್ ಠಾಣೆಗೂ ಹೋಗಿ. ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಅಂತಹ ಹೊತ್ತಿನಲ್ಲಿ ನಾಚಿಕೆಯಿಂದ ಒಬ್ಬಳೇ ಇಟ್ಟುಕೊಳ್ಳದೆ ಸಂಘಕ್ಕೆ ಹೇಳಿ. ಸಂದೇಶ ಸಂಘದ ಎಲ್ಲರಿಗೂ ಬಂದಿದ್ದರೆ ಎಲ್ಲರೂ ಸಾಕ್ಷಿ ಹೇಳಬಹುದು.

ಒಂದು ಮಾತು ಮರೆಯಬಾರದು. ಮಾಹಿತಿಯ ಒಪ್ಪಿಗೆ ಹಿಂಪಡೆದರೆ ಸಾಲ ರದ್ದಾಗುವುದಿಲ್ಲ, ಕಂತು ಕಟ್ಟಲೇಬೇಕು. ಸಾಲವೇ ಬೇಡ ಅನ್ನಿಸಿದರೆ ಅದಕ್ಕೆ ಬೇರೆ ದಾರಿ ಇದೆ. ಸಾಲ ಪಡೆದ ಮೇಲೆ ಕನಿಷ್ಠ ಒಂದು ದಿನದ ಮರುಚಿಂತನೆಯ ಅವಧಿಯನ್ನು ಕೊಡಬೇಕು ಎಂದು ನಿಯಮವಿದೆ. ಆ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಪ್ರೊಸೆಸಿಂಗ್ ಶುಲ್ಕದಲ್ಲಿ ಸ್ವಲ್ಪ ಹಿಡಿದುಕೊಳ್ಳಬಹುದು, ಆದರೆ ಅದನ್ನೂ ಮೊದಲೇ ಕೆಎಫ್‌ಎಸ್‌ನಲ್ಲಿ ತಿಳಿಸಿರಬೇಕು. ಅವಧಿ ಎಷ್ಟು ದಿನ ಎಂಬುದು ಅದೇ ಹೇಳಿಕೆಯಲ್ಲಿ ಇರುತ್ತದೆ.

ಮುಂದಿನ ಸಭೆಯಲ್ಲಿ

ಸದಸ್ಯೆಯರ ಮೊಬೈಲಿನಲ್ಲಿ ಈಗಾಗಲೇ ಇರುವ ಒಂದು ಸಾಲದ ಆಪ್ ಆರಿಸಿಕೊಳ್ಳಿ. ಒಬ್ಬರು ಗೌಪ್ಯತಾ ನೀತಿಯಲ್ಲಿ ಏಳು ಪದ ಹುಡುಕಲಿ, ಒಬ್ಬರು ಐದು ಪ್ರಶ್ನೆಗಳ ಕೆಳಗೆ ಬರೆಯಲಿ, ಇನ್ನೊಬ್ಬರು Permissions ಪುಟವನ್ನು ಓದಿ ಹೇಳಲಿ. ಬರೆದ ಪುಟವನ್ನು ನಿರ್ಣಯ ಪುಸ್ತಕದ ಜೊತೆ ಇಡಿ. ಇನ್ನೊಬ್ಬ ಸದಸ್ಯೆ ಅದೇ ಆಪ್‌ನಲ್ಲಿ ಸಾಲ ಕೇಳುವ ದಿನ ಬಂದರೆ ಕಾಗದದ ತಾರೀಕು ಬದಲಾಗಿದೆಯೇ ಎಂದು ನೋಡಿ, ಬದಲಾಗದಿದ್ದರೆ ಆ ಪುಟವನ್ನೇ ಓದಿ ಹೇಳಬಹುದು. ಕೊನೆಯದಾಗಿ ಇದನ್ನು ಚರ್ಚಿಸಿ: ಯಾವುದಾದರೂ ಆಪ್‌ನಲ್ಲಿ ಇನ್ನೊಬ್ಬ ಸದಸ್ಯೆಯ ನಂಬರ್ ಕೊಡುವ ಮೊದಲು ಅವಳನ್ನು ಕೇಳಬೇಕು ಎಂಬುದನ್ನು ನಮ್ಮ ಸಂಘದ ನಿಯಮವಾಗಿ ಬರೆದುಕೊಳ್ಳೋಣವೇ?